ಗುರುತಿನ ಪೆನ್ನು

ಹರಾಜು ಕಂಪನಿಯ ಹಿಂದಿನ ಕೋಣೆಯಲ್ಲಿ ಕೂರುತ್ತಿದ್ದ ಅವಳಿಗೆ ಎಲ್ಲರೂ ಇಟ್ಟಿದ್ದ ಹೆಸರು ಭೂತಗನ್ನಡಿ. ಆಟಗಾರರ ಸಹಿ ಇರುವ ಚೆಂಡು, ಜೆರ್ಸಿ, ಫೋಟೋ ಏನೇ ಬರಲಿ, ಅವಳ ಮೇಜು ದಾಟದೆ ಹರಾಜಿಗೆ ಹೋಗುವಂತಿರಲಿಲ್ಲ. ಇಪ್ಪತ್ತೆರಡು ವರ್ಷ ಅದೇ ಮೇಜು, ಅದೇ ಮೈಕ್ರೋಸ್ಕೋಪು, ಅದೇ ಮೊಂಡುತನ. ಯಜಮಾನನಿಗೇ ಅವಳೆಂದರೆ ತುಸು ಭಯ. ಎಂಥ ದೊಡ್ಡ ಗಿರಾಕಿ ಬಂದು ಹಲ್ಲು ಗಿಂಜಿದರೂ ಸುಳ್ಳು ಸಹಿಗೆ ಅವಳು ಸರ್ಟಿಫಿಕೇಟ್ ಬರೆದವಳಲ್ಲ. ಆ ವಿಷಯದಲ್ಲಿ ಅವಳಿಗೆ ಜಂಬವೂ ಇತ್ತು, ಇರಲಿ ಬಿಡಿ, ಯಾರಿಗಿರುವುದಿಲ್ಲ?

ಒಂದು ಬೆಳಿಗ್ಗೆ ನರ್ಸ್ ಒಬ್ಬಳು ಡ್ಯೂಟಿ ಮುಗಿಸಿ ಸಮವಸ್ತ್ರದಲ್ಲೇ ಬಂದಳು. ಬ್ಯಾಗಿನಿಂದ ಹಳೆಯ ದಿಂಬಿನ ಚೀಲ ತೆಗೆದು, ಅದರೊಳಗಿಂದ ಗೋಲ್‌ಕೀಪರ್ ತೊಡುವ ಒಂದೇ ಒಂದು ಗ್ಲೌಸನ್ನು ಮೇಜಿನ ಮೇಲಿಟ್ಟಳು. ಅಂಗೈಯ ರಬ್ಬರು ಒಣಗಿ ಪುಡಿಯಾಗುತ್ತಿತ್ತು. ಮಣಿಕಟ್ಟಿನ ಬಟ್ಟೆಯ ಪಟ್ಟಿಯ ಮೇಲೆ ಕಪ್ಪು ಶಾಯಿಯಲ್ಲಿ ‘ನನ್ನ ಪುಟ್ಟಿಗೆ, ಅಪ್ಪ’ ಎಂದಿತ್ತು. ಅದರ ಕೆಳಗೆ ಸಹಿ.

ಸಹಿ ಗೋಂದುವಿನದು ಎಂದಳು ನರ್ಸ್. ಚೆಂಡು ಕೈಗೆ ಸಿಕ್ಕರೆ ಅಂಟಿಕೊಂಡೇ ಬಿಡುತ್ತದೆ ಎಂದು ಜನ ಗೋಂದು ಎಂದು ಕರೆಯುತ್ತಿದ್ದ ಗೋಲ್‌ಕೀಪರ್ ಅವನು. ಇಪ್ಪತ್ತೇಳನೇ ವಯಸ್ಸಿಗೆ ಕಾರು ಮಗುಚಿ ಸತ್ತ. ಮದುವೆಯಾಗಿರಲಿಲ್ಲ.

"ಅವ್ರೇ ನನ್ನ ಅಪ್ಪ ಅಂತ ನಮ್ಮಮ್ಮ ಹೇಳ್ತಾಳೆ. ನಾನು ಹುಟ್ಟಿದ ವಾರ ಇದನ್ನ ತಂದುಕೊಟ್ಟರಂತೆ. ನಲವತ್ತು ದಿನಕ್ಕೆ ಹೋಗಿಬಿಟ್ರು. ಅವರ ಕಡೆಯವರು ಈಗ ಯಾರೂ ಉಳಿದಿಲ್ಲ, ರಕ್ತಪರೀಕ್ಷೆ ಮಾಡಿಸೋಣ ಅಂದ್ರೂ ಆಗಲ್ಲ," ಎಂದಳು ನರ್ಸ್. "ಮಾರೋಕಲ್ಲ ಮೇಡಂ. ಅಮ್ಮ ಹೇಳಿದ್ದು ನಿಜವೋ ಸುಳ್ಳೋ, ಅಷ್ಟು ಹೇಳಿಬಿಡಿ ಸಾಕು. ಊರವರು ಆಡಿಕೊಂಡಿದ್ದು ಕೇಳಿ ಕೇಳಿ ಸಾಕಾಗಿದೆ."

"ಸಹಿ ಅವರದೋ ಅಲ್ವೋ ಅಂತ ಹೇಳಬಹುದಮ್ಮ. ಅದರಾಚೆ ನನ್ನ ಕೆಲಸ ಅಲ್ಲ," ಎಂದಳು ಭೂತಗನ್ನಡಿ.

ಕೆಲಸ ಶುರುವಾಯಿತು. ಓರೆ ಬೆಳಕು ಬಿಟ್ಟು ನೋಡಿದಳು. ಗೆರೆಗಳಲ್ಲಿ ಅಳುಕಿರಲಿಲ್ಲ. ನೋಡಿ ನೋಡಿ ಬಿಡಿಸುವವನ ಗೆರೆ ನಡುಗುತ್ತದೆ, ನಡುನಡುವೆ ನಿಂತು ಶಾಯಿ ಗುಡ್ಡೆ ಕಟ್ಟುತ್ತದೆ, ಶುರುವೂ ಕೊನೆಯೂ ಮೊಂಡಾಗಿರುತ್ತವೆ. ಇದರಲ್ಲಿ ಕೊನೆಗಳು ಸಣ್ಣಗಾಗಿ ಹಾರಿದ್ದವು. ಬರೆದವರು ಸರಾಗವಾಗಿ, ತಮ್ಮದೇ ಕೈಯಲ್ಲಿ ಬರೆದಿದ್ದರು. ಆದರೆ ಯಾರ ಕೈ?

ಇನ್‌ಫ್ರಾರೆಡ್ ಕ್ಯಾಮೆರಾ ಹಿಡಿದಳು. ಅದರಲ್ಲಿ ಸಾಮಾನ್ಯ ಸ್ಕೆಚ್ ಪೆನ್ನಿನ ಬಣ್ಣ ಮಾಯವಾಗುತ್ತದೆ. ಇದು ಕಪ್ಪಗೇ ನಿಂತಿತು. ಅಂದರೆ ಇಂಗಾಲ ಬೆರೆತ ಶಾಯಿ. ಎಷ್ಟು ಒಗೆದರೂ ಹೋಗದ, ಬಟ್ಟೆಗೆ ಗುರುತು ಹಾಕುವ ಪೆನ್ನಿನದು. ಆ ಕಾಲದಲ್ಲೂ ಅಂಥ ಪೆನ್ನಿತ್ತು, ಈಗಲೂ ಇದೆ, ಹಾಗಾಗಿ ಶಾಯಿಯಿಂದ ಕಾಲ ತಿಳಿಯುವಂತಿರಲಿಲ್ಲ. ಅಭಿಮಾನಿಗಳಿಗೆ ಸಹಿ ಹಾಕುವ ಆಟಗಾರ ಇಂಥ ಪೆನ್ನು ಯಾಕೆ ಹಿಡಿದಾನು ಎಂಬ ಹುಳ ಮಾತ್ರ ಅವಳ ತಲೆಗೆ ಹೊಕ್ಕಿತು.

"ನಿಮ್ಮ ತಾಯಿ ಏನು ಕೆಲಸ ಮಾಡ್ತಿದ್ರು?" ಎಂದು ಫೋನಿನಲ್ಲಿ ಕೇಳಿದಳು.

"ಆಸ್ಪತ್ರೆ ಲಾಂಡ್ರಿಯಲ್ಲಿ. ಹಾಸಿಗೆ ಬಟ್ಟೆಗೆ ವಾರ್ಡ್ ನಂಬರ್ ಹಾಕೋ ಕೆಲಸ."

ಹುಳ ದೊಡ್ಡದಾಯಿತು. ತಾಯಿಯ ಕೈಬರಹ ಬೇಕೆಂದಳು. ನರ್ಸ್ ಮರುದಿನ ಬರಿಗೈಯಲ್ಲಿ ಬಂದಳು. "ನಾನೇನು ಕಳ್ಳಿಯಾ, ನನ್ನ ಬರಹ ಯಾಕೆ ಅವರಿಗೆ?" ಎಂದು ತಾಯಿ ಕಾಗದ ಹರಿದು ಎಸೆದಿದ್ದಳಂತೆ. ಸ್ವಾಭಿಮಾನವಿರುವ ಯಾವ ಹೆಂಗಸಾದರೂ ಅದನ್ನೇ ಮಾಡಿಯಾಳು. ಭೂತಗನ್ನಡಿಗೆ ಅದು ಕಾಣಲಿಲ್ಲ.

ಕೊನೆಗೆ ಹೋಲಿಕೆ. ಗೋಂದುವಿನದು ಎಂದು ಖಾತ್ರಿಯಿದ್ದ ಒಂಬತ್ತು ಸಹಿಗಳು ಅವಳ ಕಪಾಟಿನಲ್ಲಿದ್ದವು, ಒಂಬತ್ತೂ ಫೋಟೋಗಳ ಮೇಲೆ. ಅವಳ ಅಪ್ಪನ ತಗಡಿನ ಪೆಟ್ಟಿಗೆಯಿಂದ ಬಂದವು. ಅಪ್ಪ ಗೋಂದು ಆಡುತ್ತಿದ್ದ ತಂಡದ ಬಟ್ಟೆ, ಬೂಟು, ಚೆಂಡು ನೋಡಿಕೊಳ್ಳುತ್ತಿದ್ದವನು. ಆಟಗಾರರೆಲ್ಲ ಅವನನ್ನು ಮಾವ ಎನ್ನುತ್ತಿದ್ದರು. ಅದಕ್ಕಿಂತ ದೊಡ್ಡ ಸಾಕ್ಷಿ ಇನ್ನೇನು ಬೇಕು? ಈ ಕೆಲಸಕ್ಕೆ ಸೇರಿದ ಹೊಸದರಲ್ಲಿ, "ಅಪ್ಪಾ, ಇವು ಗೋಂದುದೇ ಅಲ್ವಾ?" ಎಂದು ಕೇಳಿದ್ದಳು. "ಹೂಂ" ಎಂದಿದ್ದ.

ಗ್ಲೌಸಿನ ಸಹಿ ಒಂಬತ್ತರಲ್ಲಿ ಒಂದಕ್ಕೂ ಹೊಂದಲಿಲ್ಲ. ಮೊದಲ ಅಕ್ಷರದ ಸುರುಳಿ ಇಲ್ಲಿ ಮುಚ್ಚಿತ್ತು, ಅಲ್ಲಿ ತೆರೆದಿತ್ತು. ಬಾಲ ಇಲ್ಲಿ ಪೆನ್ನೆತ್ತಿ ಬೇರೆಯಾಗಿ ಎಳೆದದ್ದು, ಅಲ್ಲಿ ಒಂದೇ ಎಳೆತ. ಅವಳು ವರದಿ ಬರೆದಳು: ‘ಇದು ಗೋಲ್‌ಕೀಪರ್ ಹಾಕಿದ ಸಹಿಯಲ್ಲ. ಬೇರೊಬ್ಬರು, ಬಹುಶಃ ಮನೆಯವರೇ, ತಮ್ಮ ಸಹಜ ಕೈಯಲ್ಲಿ ಬರೆದಿದ್ದಾರೆ.’

ಆ ‘ಮನೆಯವರೇ’ ಎಂಬ ಮಾತು ಬೇಕಿತ್ತೇ? ಬೇಕಿರಲಿಲ್ಲ. ಜಾಣತನ ತೋರಿಸಲು ಕೈ ತುರಿಸುತ್ತಿದ್ದಾಗ ಯಾರು ಸುಮ್ಮನಿರುತ್ತಾರೆ! ನರ್ಸ್ ವರದಿಯನ್ನು ಎರಡು ಸಲ ಓದಿ, ಮಡಚಿ, ಗ್ಲೌಸಿನ ಜೊತೆ ದಿಂಬಿನ ಚೀಲಕ್ಕೆ ಹಾಕಿಕೊಂಡು ಹೋದಳು. ಆ ರಾತ್ರಿ ಊಟಕ್ಕೆ ಕೂತಾಗ ಭೂತಗನ್ನಡಿ ಇದನ್ನೆಲ್ಲ ಅಪ್ಪನಿಗೆ ಹೇಳಿದಳು. ಅಪ್ಪ ತಟ್ಟೆಯಿಂದ ತಲೆ ಎತ್ತಲಿಲ್ಲ.

ಏಳು ತಿಂಗಳಾದ ಮೇಲೆ ಆ ತಂಡದ ಹಳೆಯ ಕಚೇರಿಯನ್ನು ಕೆಡವುವವರು ಅದರ ಕಾಗದಪತ್ರಗಳನ್ನೆಲ್ಲ ಹರಾಜಿಗೆ ಕಳಿಸಿದರು. ಧೂಳು ಕೊಡವಿ ಕೊಡವಿ ಮೂಗು ಕಪ್ಪಾಯಿತು. ಒಂದು ಕಡತದಲ್ಲಿ ಆಟಗಾರರ ನೋಂದಣಿ ಅರ್ಜಿಗಳಿದ್ದವು. ಗೋಂದುವಿನವೂ ಮೂರು, ಮೂರು ಬೇರೆ ಬೇರೆ ವರ್ಷದವು. ಒಂದೊಂದರ ಮೇಲೂ ಅಧಿಕಾರಿಯ ಮುಂದೆ ಹಾಕಿದ ಸಹಿ, ಇಬ್ಬರು ಸಾಕ್ಷಿಗಳ ಸಹಿ, ತಾರೀಖಿನ ಮೊಹರು. ಅದರಲ್ಲಿ ಒಂದು ಮೊಹರು ಸಹಿಯ ಬಾಲದ ಮೇಲೇ ಬಿದ್ದಿತ್ತು. ಆಮೇಲೆ ಸೇರಿಸಿದ ಸಹಿಯಲ್ಲ ಎಂಬುದಕ್ಕೆ ಅದೇ ಗುರುತು.

ಖುಷಿಯಿಂದ ಮೈಕ್ರೋಸ್ಕೋಪಿನಡಿ ಇಟ್ಟಳು. ಮುಚ್ಚಿದ ಸುರುಳಿ. ಪೆನ್ನೆತ್ತಿ ಬೇರೆಯಾಗಿ ಎಳೆದ ಬಾಲ. ಮೂರರಲ್ಲೂ. ಆಗ ತೆಗೆದಿಟ್ಟಿದ್ದ ಗ್ಲೌಸಿನ ಫೋಟೋಗಳನ್ನು ತೆರೆದು ಪಕ್ಕದಲ್ಲಿಟ್ಟಳು. ಒಂದೇ ಕೈ. ಎಳ್ಳಷ್ಟೂ ಅನುಮಾನವಿಲ್ಲದ ಒಂದೇ ಕೈ.

ಹಾಗಾದರೆ ಆ ಒಂಬತ್ತು ಯಾರವು?

ಮೈಕ್ರೋಸ್ಕೋಪು ಬೇಕಾಗಲಿಲ್ಲ. ಸಂಜೆ ಮನೆಗೆ ಹೋಗಿ ಅಡುಗೆಮನೆಯ ದೀಪ ಹಾಕಿದಳು. ಡಬ್ಬಿಗಳ ಮೇಲೆ ಅಪ್ಪ ಬರೆದಂಟಿಸಿದ ಚೀಟಿಗಳು: ಉಪ್ಪು, ಸಕ್ಕರೆ, ಚಹಾಪುಡಿ. ಕೊನೆಯಲ್ಲಿ ಒಂದೇ ಎಳೆತದ ಉದ್ದ ಬಾಲ. ದಿನಾ ಬೆಳಿಗ್ಗೆ ಚಹಾ ಮಾಡುವಾಗ ನೋಡಿದ ಬಾಲ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಊರವರ ಸಹಿ ನೋಡಿದವಳು ತನ್ನ ಮನೆಯ ಚಹಾಪುಡಿ ಡಬ್ಬಿ ನೋಡಿರಲಿಲ್ಲ. ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು.

"ಅಪ್ಪಾ, ಆ ಫೋಟೋಗಳಿಗೆ ಸಹಿ ಹಾಕಿದ್ದು ನೀನು."

ಅಪ್ಪ ಬಾಗಿಲಲ್ಲಿ ಗೋಡೆ ಹಿಡಿದು ನಿಂತ. ಎಂಬತ್ತಮೂರು ವರ್ಷ. "ಅವನಿಗೆ ಅದೆಲ್ಲ ಬೇಜಾರು ಕಣೇ. ವಾರಕ್ಕೆ ನೂರು ಕಾಗದ ಬರೋವು. ಮಕ್ಕಳು ಕಾಯ್ತಾ ಇರ್ತಾವಲ್ಲ ಅಂತ... ‘ಮಾವ, ನೀನೇ ಹಾಕ್ಬಿಡು’ ಅಂತಿದ್ದ. ಹಾಕ್ದೆ. ಬೂಟು ಒರೆಸೋನ ಸಹಿಗೆ ಊರೆಲ್ಲ ಕುಣೀತಿತ್ತು, ನನಗೂ ಒಂಥರಾ ಹಿಗ್ಗು."

"ನಾನು ಕೇಳಿದಾಗ ಯಾಕೆ ಹೂಂ ಅಂದೆ?"

"ಹೊಸ ಕೆಲಸ ನಿಂದು. ಅಷ್ಟು ಆಸೆಯಿಂದ ಕೇಳಿದೆ. ಆಮೇಲೆ ಹೇಳೋಣ ಅಂದ್ಕೊಂಡೆ, ಅಷ್ಟರಲ್ಲಿ ನೀನು ಆಗಲೇ ಬೇರೆಯವರಿಗೆ ಬರೆದುಕೊಟ್ಟಿದ್ದೆ. ಹೇಳಿದ್ರೆ ನಿನ್ನ ಕೆಲಸ ಹೋಗೋದು."

"ಆ ಗ್ಲೌಸ್ ಬಂದಾಗ?"

ಅಪ್ಪ ಮೆಲ್ಲಗೆ ಹೊಸ್ತಿಲ ಮೇಲೆ ಕೂತ. "ಅದು ಅವನೇ ಬರೆದಿದ್ದು. ಜೆರ್ಸಿಗೆ ನಂಬರ್ ಹಾಕ್ತಾ ಕೂತಿದ್ದೆ. ಓಡಿಬಂದು ನನ್ನ ಕೈಯಿಂದ ಪೆನ್ನು ಕಿತ್ಕೊಂಡ. ‘ಮಾವ, ಹೆಣ್ಣು ಮಗು’ ಅಂದ."

ಬಟ್ಟೆಗೆ ಗುರುತು ಹಾಕುವ ಪೆನ್ನು. ಅಪ್ಪನ ಜೇಬಿನಲ್ಲಿ ಸದಾ ಇರುತ್ತಿದ್ದ ಪೆನ್ನು, ಅವಳ ಶಾಲೆಯ ಅಂಗಿಯ ಕಾಲರಿಗೂ ಹೆಸರು ಬರೆದ ಪೆನ್ನು. ತಂಡದ ಬಟ್ಟೆ ನೋಡಿಕೊಳ್ಳುವವನ ಮಗಳು ಅವಳು! ಡ್ರೆಸ್ಸಿಂಗ್ ರೂಮಿನಲ್ಲಿ ಬೇರೆ ಯಾವ ಪೆನ್ನು ಸಿಗುತ್ತದೆಂದು ಅವಳಿಗಲ್ಲದೆ ಯಾರಿಗೆ ಹೊಳೆಯಬೇಕಿತ್ತು? ಅಪ್ಪನ ಕಡೆ ನೋಡದೆ ಎದ್ದು ಹೋದಳು. ಅಂದಿನಿಂದ ಅವನ ಜೊತೆ ಮಾತು ನಿಂತಿತು.

ಯಜಮಾನ ಎಲ್ಲ ಕೇಳಿ ಬೆವರು ಒರೆಸಿಕೊಂಡ. ಗೋಂದುವಿನ ಹೆಸರಿನಲ್ಲಿ ಅವಳು ಕೊಟ್ಟ ಮೂವತ್ತೊಂದು ಸರ್ಟಿಫಿಕೇಟೂ ಅಪ್ಪನ ಸಹಿಗೆ. ನಕಲಿ ಎಂದು ತಳ್ಳಿದ ನಾಲ್ಕರಲ್ಲಿ ಮೂರು ಅಸಲಿ. "ಯಾರಿಗೆ ಗೊತ್ತಾಗುತ್ತೆ ಬಿಡಮ್ಮಾ. ಆ ಅರ್ಜಿ ಮೂರನ್ನೂ ಒಳಗಿಡು, ಬಾಯಿಗೆ ಬೀಗ ಹಾಕ್ಕೋ," ಎಂದ. ಅವಳು ಆ ಗಿರಾಕಿಗಳಲ್ಲಿ ಒಬ್ಬೊಬ್ಬರಿಗೂ ಕಾಗದ ಬರೆದು, ಕೆಲಸ ಬಿಡುತ್ತೇನೆಂದು ಮೇಜಿನ ಖಾನೆಯ ಬೀಗದ ಕೈ ಅವನ ಮುಂದಿಟ್ಟಳು. ನರ್ಸಿಗೆ ಮಾತ್ರ ಕಾಗದ ಹಾಕಲಿಲ್ಲ. ಹೊಸ ವರದಿಯನ್ನು ತಾನೇ ಹಿಡಿದುಕೊಂಡು ಹೋದಳು.

ಮೂರನೇ ಮಹಡಿಯ ಎರಡು ಕೋಣೆಯ ಮನೆ. ಗೋಡೆಯ ಪಕ್ಕ ಒಂದು ಕಬ್ಬಿಣದ ಮಂಚ, ಅದರ ಮೇಲೆ ಮಡಚಿಟ್ಟ ಹೊದಿಕೆ. ಹೊದಿಕೆಯ ಮೂಲೆಯಲ್ಲಿ ಕಪ್ಪು ಶಾಯಿಯ ವಾರ್ಡ್ ನಂಬರ್.

"ಅಮ್ಮ ಇಲ್ವಾ?" ಎಂದಳು ಭೂತಗನ್ನಡಿ.

"ತೀರಿಕೊಂಡು ಎರಡು ತಿಂಗಳಾಯ್ತು."

ಏನು ಬಂದದ್ದು ಎಂದು ನರ್ಸ್ ಕೇಳಿದಳು. ಗ್ಲೌಸಿನ ಸಹಿ ಗೋಂದುವಿನದೇ, ತಪ್ಪು ತನ್ನದು ಎಂದು ಭೂತಗನ್ನಡಿ ಹೇಳಿದಳು. ನರ್ಸ್ ಕೂಗಾಡಲಿಲ್ಲ. ಕುರ್ಚಿ ಎಳೆದು ಕೂತಳು.

"ನಿಮ್ಮ ಕಾಗದ ತಂದು ಅವಳ ಮುಖದ ಮುಂದೆ ಹಿಡಿದೆ. ಯಾಕಮ್ಮ ಸುಳ್ಳು ಹೇಳಿದೆ ಅಂದೆ. ‘ನಾನು ಸುಳ್ಳು ಹೇಳಿಲ್ಲ’ ಅಂತ ಒಂದೇ ಸಲ ಅಂದ್ಲು. ಆಮೇಲೆ ನಾನು ಮಾತು ಬಿಟ್ಟೆ. ಐದು ತಿಂಗಳು. ಗಂಜಿ ಕುಡಿಸ್ತಿದ್ದೆ, ಮೈ ಒರೆಸ್ತಿದ್ದೆ, ಮಾತ್ರೆ ಕೊಡ್ತಿದ್ದೆ. ರೋಗಿಗೆ ಮಾಡಿದ ಹಾಗೆ. ಅಮ್ಮ ಅಂತ ಕರೀಲಿಲ್ಲ."

"ತಪ್ಪಾಯ್ತಮ್ಮ," ಎಂದಳು ಭೂತಗನ್ನಡಿ. ಅವಳಿಗೇ ಆ ಮಾತು ನಾಚಿಕೆಗೇಡು ಅನಿಸಿತು.

"ನನಗ್ಯಾಕೆ ಹೇಳ್ತೀರಿ? ಅಲ್ಲಿ ಹೇಳಿ." ನರ್ಸ್ ಮಂಚ ತೋರಿಸಿದಳು. "ಆ ಕಡೆ ತಿರುಗಿ ಓದಿ. ಜೋರಾಗಿ. ಅವಳಿಗೆ ಕಿವಿ ಸ್ವಲ್ಪ ಮಂದ ಇತ್ತು."

ಭೂತಗನ್ನಡಿ ಮಂಚದ ಎದುರು ನಿಂತು ಓದಿದಳು. ಮೂರು ನೋಂದಣಿ ಅರ್ಜಿ, ಅವುಗಳ ತಾರೀಖು, ಸಾಕ್ಷಿಗಳು. ಸುರುಳಿ, ಬಾಲ, ಪೆನ್ನೆತ್ತಿದ ಜಾಗ. ಇಂಗಾಲದ ಶಾಯಿ. ‘ಹಿಂದಿನ ವರದಿಗೆ ಬಳಸಿದ ಒಂಬತ್ತು ಸಹಿಗಳು ಗೋಲ್‌ಕೀಪರ್‌ನವಲ್ಲ. ಅವು ನನ್ನ ತಂದೆ ಹಾಕಿದವು.’

"ನಿಮ್ಮ ತಂದೆ ಇದ್ದಾರಾ?" ಎಂದಳು ನರ್ಸ್.

"ಇದ್ದಾರೆ."

"ಮಾತಾಡಿಸ್ತೀರಾ?"

"ಇಲ್ಲ. ಹನ್ನೊಂದು ದಿನ ಆಯ್ತು."

ನರ್ಸ್ ಅವಳ ಮುಖವನ್ನೇ ನೋಡಿದಳು. ಮಾತಾಡಿ ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. "ನಾನೂ ಮೊದಮೊದಲು ದಿನ ಎಣಿಸ್ತಿದ್ದೆ," ಎಂದಳು. ಆಮೇಲೆ ಕಾಗದದತ್ತ ಇಣುಕಿ, "ಮುಂದೆ ಓದಿ. ಇನ್ನೂ ಒಂದು ಸಾಲು ಇದೆಯಲ್ಲ."

ಭೂತಗನ್ನಡಿ ಕಣ್ಣೊರೆಸಿಕೊಂಡು, ಕಿವಿ ಮಂದವಿದ್ದವಳಿಗೆ ಕೇಳುವಷ್ಟು ಜೋರಾಗಿ, ಮಡಚಿದ ಹೊದಿಕೆಗೆ ಆ ಸಾಲನ್ನು ಓದಿದಳು: ‘ಈ ಬರಹ ಮಗುವಿನ ತಂದೆಯದೇ.’