ಸರಾಸರಿಗೆ ಕೇಳಿಸದ ಗಂಟೆಗಳು

ನಾನು ಸಿಡುಕಿ. ಮನೆಯಲ್ಲಿ ತಂಗಿಯೂ ನಮ್ಮ ಮನಃಶಾಸ್ತ್ರ ವಿಭಾಗದಲ್ಲಿ ಎಲ್ಲರೂ ಒಪ್ಪಿದ ಮಾತಿದು. ಆದರೆ ಎಂಟು ತಿಂಗಳು ನಿದ್ದೆಗೆಟ್ಟು ಮಾಡಿದ ಆ್ಯಪನ್ನು ಕೆಟ್ಟಿದೆ ಅಂದರೆ ಎಂಥ ಸಾಧುವಿಗೂ ಪಿತ್ತ ನೆತ್ತಿಗೇರುತ್ತದೆ.

ಆ್ಯಪಿನ ಕೆಲಸ ಸರಳ. ದಿನಕ್ಕೆ ಏಳು ಸಲ, ಯಾವಾಗ ಅಂತ ಮೊದಲೇ ತಿಳಿಯದ ಹಾಗೆ, ಫೋನು ಗಂಟೆ ಬಾರಿಸುತ್ತದೆ. ಈಗ ಏನು ಮಾಡುತ್ತಿದ್ದೀರಿ? ಯಾರ ಜೊತೆ? ಒಂದರಿಂದ ಏಳರಲ್ಲಿ ಖುಷಿ ಎಷ್ಟು? ಹದಿನೈದು ನಿಮಿಷದೊಳಗೆ ಉತ್ತರಿಸದಿದ್ದರೆ ಪ್ರಶ್ನೆ ಮುಚ್ಚಿಕೊಳ್ಳುತ್ತದೆ. ಮುಚ್ಚಲೇಬೇಕು! ಹಿಂದೆ ಕಾಗದದ ದಿನಚರಿ ಕೊಟ್ಟಾಗ ಜನ ಇಡೀ ವಾರದ್ದನ್ನು ಕೊನೆಯ ದಿನ ಒಂದೇ ಪೆನ್ನಿನಲ್ಲಿ ಗೀಚಿ ತರುತ್ತಿದ್ದರು. ಅದು ದಿನಚರಿಯಲ್ಲ, ಅಜ್ಜಿಕಥೆ.

ಅಧ್ಯಯನಕ್ಕೆಂದು ಇನ್ನೂರು ನರ್ಸುಗಳ ಕೈಗೆ ಕೊಡುವ ಮೊದಲು ನಾವಿಬ್ಬರು ಒಂದು ವಾರ ನಮ್ಮ ಮೇಲೇ ಪ್ರಯೋಗ ಮಾಡಿಕೊಂಡೆವು. ನಾನು ಮತ್ತು ಸರಾಸರಿ. ಸರಾಸರಿ ಅಂದರೆ ನಮ್ಮ ಅಂಕಿಅಂಶದ ಮನುಷ್ಯ. ಟೀ ಕುಡಿದರೂ ದಿನಕ್ಕೆ ಸರಾಸರಿ ಎಷ್ಟು ಲೋಟ ಎನ್ನುವ ಪ್ರಾಣಿ. ದಿನಕ್ಕೆ ನಾಲ್ಕು ಸಲ ನನ್ನ ಮೇಜಿಗೆ ಬಂದು ತಲೆ ತಿನ್ನುತ್ತಿದ್ದ. ಮನೆಗೆ ಹೋಗಿ ಅವನನ್ನು ಬೈಯದೆ ನನಗೆ ಊಟ ಸೇರುತ್ತಿರಲಿಲ್ಲ. "ಅಕ್ಕಾ, ಅನ್ನಕ್ಕೆ ಕಲಸ್ಕೊಳ್ಳೋಕೆ ಅವನೊಬ್ಬನೇನಾ ನಿಂಗೆ?" ಎಂದು ತಂಗಿ ನಗುತ್ತಿದ್ದಳು.

ಸೋಮವಾರ ಸಭೆ. ವಾರವಿಡೀ ಬಾರಿಸಿದ ನಲವತ್ತೊಂಬತ್ತು ಗಂಟೆಗಳಲ್ಲಿ ನಾನು ನಲವತ್ತಾರಕ್ಕೆ ಉತ್ತರಿಸಿದ್ದೆ. ಅವನು ಮೂವತ್ತನಾಲ್ಕಕ್ಕೆ! ನೂರಕ್ಕೆ ಎಂಬತ್ತಾದರೂ ಬರಬೇಕೆಂದು ನಮ್ಮ ಮುಖ್ಯಸ್ಥೆ ಮೇಡಂ ಗೆರೆ ಎಳೆದಿದ್ದರು.

"ಏನಪ್ಪಾ ಇದು?"

"ನಂಗೆ ಕೇಳ್ಸಿಲ್ಲ ಮೇಡಂ," ಎಂದ, ನೆಲ ನೋಡುತ್ತಾ.

"ಗಂಟೆ ಹೊಡೀದಿದ್ರೆ ಈ ಆ್ಯಪ್ ಬೇಡ. ಬೇರೆ ತಂಡದ್ದು ತಗೊಳ್ಳೋಣ."

ನನ್ನ ಎಂಟು ತಿಂಗಳು ನೀರಲ್ಲಿ ಹೋಮ! "ನನ್ನ ಆ್ಯಪಿಗೆ ಏನೂ ಆಗಿಲ್ಲ. ಹತ್ತು ನಿಮಿಷ ಕೊಡಿ, ತೋರಿಸ್ತೀನಿ," ಎಂದು ಕೂಗಿದೆ.

ಇಬ್ಬರ ಕಡತಗಳನ್ನೂ ತೆರೆದೆ. ಅವನು ಶನಿವಾರ, ಭಾನುವಾರ ಒಂದನ್ನೂ ಬಿಟ್ಟಿರಲಿಲ್ಲ. ತಪ್ಪಿದ ಹದಿನೈದೂ ಆಫೀಸಿನ ಹೊತ್ತಿನವು. ನಮ್ಮಿಬ್ಬರ ಫೋನುಗಳು ಬೇರೆ ಬೇರೆ ಹೊತ್ತಿಗೆ ಬಡಿಯುತ್ತಿದ್ದವಲ್ಲ, ಅವನದು ತಪ್ಪಿದ ಆಸುಪಾಸಿನಲ್ಲಿ ನಾನೇನು ಬರೆದಿದ್ದೆ ನೋಡಿದೆ. ಹನ್ನೊಂದು ಕಡೆ ಒಂದೇ ಉತ್ತರ ಸಿಕ್ಕಿತು. ಸಿಕ್ಕಿಬಿದ್ದ ಕಳ್ಳ!

ಪ್ರೊಜೆಕ್ಟರಿನಿಂದ ಗೋಡೆಯ ಮೇಲೆ ಎರಡೂ ಪಟ್ಟಿ ಅಕ್ಕಪಕ್ಕ ಬಿಟ್ಟೆ. "ನೋಡಿ ಮೇಡಂ. ಇವರ ಗಂಟೆ ಹನ್ನೊಂದೂ ಇಪ್ಪತ್ತಕ್ಕೆ ತಪ್ಪಿದೆ. ಹನ್ನೊಂದೂ ಹದಿನೈದಕ್ಕೆ ನಾನು ಬರೆದಿದ್ದೀನಿ: ಜಗಳ, ಸರಾಸರಿ ಜೊತೆ. ಮೂರೂ ನಲವತ್ತಕ್ಕೂ ಅಷ್ಟೇ. ನನ್ನ ಹತ್ರ ಬಂದಾಗ್ಲೆಲ್ಲ ಇವರು ಫೋನನ್ನ ತಮ್ಮ ಮೇಜಲ್ಲೇ ಬಿಟ್ಟು ಬಂದಿದ್ದಾರೆ!"

ಮೂಲೆಯಲ್ಲಿ ಕೂತಿದ್ದ ಟೈಪಿಸ್ಟ್ ಕಿಸಕ್ಕೆಂದಳು. ತಿರುಗಿ ನೋಡಿದೆ. ಆವೇಶದಲ್ಲಿ ಮೂರನೆಯ ಕಾಲಮ್ಮನ್ನು ಮರೆಮಾಡುವುದೇ ಮರೆತಿದ್ದೆ. ಜಗಳ, ಸರಾಸರಿ, ಖುಷಿ ಏಳು. ಜಗಳ, ಸರಾಸರಿ, ಖುಷಿ ಆರು. ಜಗಳ, ಸರಾಸರಿ, ಏಳು. ಏಳು. ಏಳು.

ಅಯ್ಯಯ್ಯೋ! ಭೂಮಿ ಬಾಯಿ ಬಿಡಬಾರದಿತ್ತೇ?

ಮೇಡಂ ಇನ್ನೊಂದು ಹಾಳೆ ಎತ್ತಿಕೊಂಡರು, ಹೋಲಿಸಿ ನೋಡಲೆಂದು ವಾರದ ಕೊನೆಗೆ ನಾನು ನೆನಪಿನಿಂದ ತುಂಬಿದ್ದದ್ದು. "'ವಾರವಿಡೀ ತಲೆನೋವು ತಂದವರು: ಸರಾಸರಿ. ಅವರ ಜೊತೆ ಖುಷಿ: ಎರಡು.' ಏನಮ್ಮಾ ಇದು?"

"ಶುಕ್ರವಾರ ಸಂಜೆ ಜಗಳದಲ್ಲಿ ತುಂಬ ಕೋಪ ಬಂದಿತ್ತು ಮೇಡಂ," ಎಂದು ಗೊಣಗಿದೆ.

"ಕೊನೇ ಜಗಳ ಒಂದು ನೆನಪಲ್ಲಿ ಉಳೀತು, ಉಳಿದ ವಾರ ಎಲ್ಲ ಅಳಿಸ್ಹೋಯ್ತು. ನೆನಪನ್ನ ನಂಬಬಾರದು ಅಂತ ತಾನೇ ನಾವು ಇಷ್ಟೆಲ್ಲ ಒದ್ದಾಡ್ತಿರೋದು! ಆ್ಯಪ್ ನೆಟ್ಟಗಿದೆ. ನರ್ಸುಗಳಿಗೆ ಕೊಡಿ." ಅವರು ನಕ್ಕು ನಕ್ಕು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

ನಾನು ಗೆದ್ದಿದ್ದೆ. ಕಿವಿ ಕೆಂಡವಾಗಿತ್ತು. ಕಾರಿಡಾರಿಗೆ ಓಡಿದರೆ ಅವನೂ ಹಿಂದೆಯೇ ಬಂದ.

"ಫೋನ್ ಯಾಕ್ರೀ ಬಿಟ್ಟು ಬರ್ತಿದ್ರಿ? ಜೊತೇಲೇ ಇಟ್ಕೋಬೇಕು ಅಂತ ನಿಯಮ ಬರೆದೋರೇ ನೀವು!"

"ಬಡ್ಕೊಂಡ್ರೆ ಮಧ್ಯದಲ್ಲಿ ನಿಲ್ಲಿಸ್ಬೇಕಾಗುತ್ತಲ್ಲ."

"ಏನನ್ನ?"

"ಜಗಳಾನ." ಅವನ ಕಿವಿಯೂ ಕೆಂಪಾಗಿತ್ತು. "ತಪ್ಪು ಅಂತ ಗೊತ್ತಿತ್ತು. ಒಳಗೆ ಹೇಳೋಕೆ ನಾಚ್ಕೆ ಆಯ್ತು. ಈಗ ಕೇಳ್ಬಿಡ್ತೀನಿ. ನನ್ನ ಮದುವೆ ಆಗ್ತೀರಾ?"

ನನಗೆ ನಗು, ಕೋಪ, ಅಳು ಎಲ್ಲ ಒಟ್ಟೊಟ್ಟಿಗೆ ಬಂತು. ಖುಷಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಆದರೂ ಸಿಡುಕಿ ಸಿಡುಕಿಯೇ.

"ಯೋಚ್ನೆ ಮಾಡಿ ನಾಳೆ ಹೇಳ್ತೀನಿ," ಎಂದೆ.

"ಬೇಡ್ರೀ, ದಮ್ಮಯ್ಯ! ನಾಳೆ ನೆನೆಸ್ಕೊಂಡು ಹೇಳಿದ್ರೆ ಎರಡೇ ಬರೋದು. ಈಗ್ಲೇ ಹೇಳಿ."