ಪೂರ್ವದ ಬಾಗಿಲು

ಇಂಗ್ಲೆಂಡಿನ ಶೆಫೀಲ್ಡಿನ ಬ್ರೂಮ್‌ಹಿಲ್‌ನಲ್ಲಿ ಅಡಿವೆಪ್ಪ ತನ್ನ ಮನೆಯ ಮೇಲಂತಸ್ತನ್ನು ಬಾಡಿಗೆಗೆ ಬೇರೆ ಮಾಡಿಸಿದ್ದು ಇಡೀ ಯಾರ್ಕ್‌ಶೈರ್ ನಡುಗುವಂಥ ಸಾಹಸ. ಅರಮನೆಗೂ ಇಲ್ಲದ ಅಡುಗೆಮನೆ ಬಂತು, ಬೇರೆ ಕರೆಂಟ್ ಮೀಟರೂ ಬಂತು. ಬಾಡಿಗೆ ಶುರುವಾದರೆ ಹೆಂಡತಿ ಪ್ರಭಾವತಿ ಅರವತ್ತೆರಡನೇ ವಯಸ್ಸಿನಲ್ಲಾದರೂ ಆಸ್ಪತ್ರೆಯ ನರ್ಸ್ ಕೆಲಸ ಬಿಡಬಹುದಿತ್ತು.

ಒಳಗಿನ ಮೆಟ್ಟಿಲನ್ನೇ ಉಳಿಸಿಕೊಂಡು, ಸುತ್ತ ಬೆಂಕಿ ತಡೆಯುವ ಗೋಡೆ ಕಟ್ಟಿ, ಮುಂಬಾಗಿಲಿನಿಂದ ದಾರಿ ಕೊಡಿ ಎಂದು ಆರ್ಕಿಟೆಕ್ಟ್ ಬೇಡಿಕೊಂಡ. ಆದರೆ ಮುಂಬಾಗಿಲು ದಕ್ಷಿಣಕ್ಕಿತ್ತು.

“ದಕ್ಷಿಣದ ಬಾಗಲಾ ಇದ್ರ ಯಾವ ಬಾಡಗಿದಾರನೂ ಮೂರು ದಿನಾ ನಿಲ್ಲೂದಿಲ್ಲ. ಪರ್ಮಿಶನ್ ಆಮ್ಯಾಲ ತಗೊಳ್ಳೂಣು,” ಎಂದ ಅಡಿವೆಪ್ಪ. ಒಳಮೆಟ್ಟಿಲು ಕೀಳಿಸಿ ಆ ಜಾಗದಲ್ಲಿ ಬಚ್ಚಲು ಮಾಡಿಸಿದ. ಪೂರ್ವದ ಹೊರಗೋಡೆಗೆ ಸ್ವರ್ಗಕ್ಕೇ ಮುಟ್ಟುವಂಥ ಕಬ್ಬಿಣದ ಮೆಟ್ಟಿಲು ನಿಲ್ಲಿಸಿದ.

ಅದರ ಮೇಲೆ ನಿಂತರೆ ಪಕ್ಕದವರ ಮಲಗುವ ಕೋಣೆ ಪೂರಾ ಕಾಣುತ್ತಿತ್ತು. ಅವರು ದೂರು ಕೊಟ್ಟರು, ನಗರದ ಕೌನ್ಸಿಲ್ ಅನುಮತಿ ನಿರಾಕರಿಸಿ ಮೆಟ್ಟಿಲು ತೆಗೆಸಲು ಹೇಳಿತು, ಮೇಲ್ಮನವಿಯೂ ಬಿದ್ದುಹೋಯಿತು. ಇವತ್ತು ಮೆಟ್ಟಿಲು ತುಂಡುತುಂಡಾಗಿ ವ್ಯಾನ್ ಏರಿತು. ಬಚ್ಚಲು ಒಡೆದು ಮತ್ತೆ ಒಳಮೆಟ್ಟಿಲು ಕಟ್ಟಿಸುವಷ್ಟು ದುಡ್ಡು ಅಡಿವೆಪ್ಪನ ಬಳಿ ಉಳಿದಿರಲಿಲ್ಲ.

ಪ್ರಭಾವತಿ ಡ್ಯೂಟಿಯ ಚೀಲ ಹೆಗಲಿಗೇರಿಸಿ ಅಂಗಳದಲ್ಲಿ ನಿಂತು ಮೇಲೆ ನೋಡಿದಳು. ಹದಿನೈದಡಿ ಎತ್ತರದಲ್ಲಿ ಬಾಗಿಲೊಂದೇ ಉಳಿದಿತ್ತು.

“ಬಾಗಲಾ ಭಾಳ ಛಂದ ಐತ್ರೀ,” ಎಂದು ಗಂಡನಿಗೆ ಹೇಳಿ ಅವಳು ಬಸ್‌ಸ್ಟಾಪಿನ ಕಡೆ ನಡೆದಳು.