ನಿಂಗಯ್ಯನ ಎಡಗೈ

ಹೂಟಗಳ್ಳಿ ನಿಂಗಯ್ಯಂಗೆ ಸ್ಟ್ರೋಕ್ ಹೊಡೆದು ಎಡಗೈ ಎಡಗಾಲು ಬಿದ್ದೋಗಿದ್ದು ಒಂದು ಕಷ್ಟ. ಅವನಿಗೊಬ್ಬ ಅಣ್ಣ ಇದ್ದದ್ದು ಇನ್ನೊಂದು ಕಷ್ಟ. ಮೊದಲನೇದಕ್ಕಾದರೂ ಮಾತ್ರೆ ಇತ್ತು.

ಅಣ್ಣನ ಹೆಸರು ಜವರಯ್ಯ. ಬರೀ ಜವರಯ್ಯ ಅಂದ್ರೆ ತಿರುಗೂ ನೋಡ್ತಿರಲಿಲ್ಲ, ವಸ್ತಾದ್ ಜವರಯ್ಯ ಅನ್ನಬೇಕು. ಯಾವ ಕಾಲದಲ್ಲೋ ಗರಡೀಲಿ ಮಣ್ಣು ಹೊತ್ತು ನಾಕು ಜನಕ್ಕೆ ಪಟ್ಟು ಹೇಳ್ಕೊಟ್ಟಿದ್ದ. ಆಮೇಲೆ ಉಳುಕು ತೆಗೆಯೋದು, ಎಣ್ಣೆ ತಿಕ್ಕೋದು, ಕೀಲು ಕೂರಿಸೋದು ಅಂತ ಶುರು ಹಚ್ಕೊಂಡ. ಆವತ್ತಿಂದ ಈ ಮೈಸೂರಲ್ಲಿ ಯಾರ ಮೈಯಾದರೂ ಸರಿ, ಅದು ತನ್ನ ಆಸ್ತಿ ಅಂತಲೇ ಅವನ ಲೆಕ್ಕ. ತಮ್ಮನ ಮೈ ಅಂದಮೇಲೆ ಕೇಳಬೇಕಾ?

ನಿಂಗಯ್ಯನ ಹೆಂಡ್ತಿ ಮಂಗಳಮ್ಮಂಗೆ ಇದು ಮದುವೆ ಆದಾಗಿಂದ ಗೊತ್ತಿದ್ದ ಸಂಗತಿ. ಬಾವ ಬಂದ್ರೆ ಸೆರಗು ಹೊದ್ಕೊಂಡು ಒಳಗೆ ಹೋಗೋಳು. ಎದುರಿಗೆ ಕೂತೋಳಲ್ಲ, ಎದುರುತ್ತರ ಕೊಟ್ಟೋಳಲ್ಲ. ಮನಸ್ಸಲ್ಲಿ ಏನೇನು ಅಂದ್ಕೊಂಡ್ಳೋ ಅದನ್ನ ಹೇಳೋಕೋದ್ರೆ ಬೆಳಗಾಗ್ತದೆ.

ಆಸ್ಪತ್ರೆಯಿಂದ ಮನೆಗೆ ಕರಕೊಂಡು ಬಂದ್ಮೇಲೆ ನೋಡೋಕೆ ಬರೋರ ಸಾಲು. ಬಂದೋರೆಲ್ಲ ಮಾಡ್ತಿದ್ದದ್ದು ಒಂದೇ ಕೆಲಸ. ಬಾಳೆಹಣ್ಣು ಮೂಲೇಲಿಟ್ಟು, ಸೀದಾ ಹೋಗಿ ಆ ಜೋಲಾಡೋ ಎಡಗೈನೇ ಹಿಡ್ಕೊಂಡು, "ಎಲ್ಲಿ ಹಿಂಡು ನೋಡಣ" ಅನ್ನೋದು. ಅವನು ಹಿಂಡಂಗಿದ್ರೆ ಹಾಸಿಗೇಲಿ ಯಾಕೆ ಬಿದ್ದಿರ್ತಿದ್ದ? ಒಬ್ಬ ಮಹಾನುಭಾವ ರಬ್ಬರ್ ಚೆಂಡು ತಂದು ಅಂಗೈಯೊಳಕ್ಕೆ ತುರುಕಿ ಹೋದ. ನಿಂಗಯ್ಯನೋ, ಬಾಯಿ ಸ್ವಲ್ಪ ಸೊಟ್ಟಗಾಗಿತ್ತು, ಮಾತು ತೊದಲ್ತಿತ್ತು. ಏನು ಕೇಳಿದ್ರೂ "ಊಂ" ಅನ್ನೋನು. ಆ ಗುಣ ಸ್ಟ್ರೋಕ್‌ಗೆ ಮುಂಚಿನಿಂದಲೂ ಇತ್ತು ಅನ್ನಿ, ಅಣ್ಣನ ಮುಂದೆ ಅಂತೂ ಊಂ ಬಿಟ್ರೆ ಬೇರೆ ಅಕ್ಷರ ಹೊರಡ್ತಿರಲಿಲ್ಲ.

ಫಿಸಿಯೋಥೆರಪಿ ಹುಡುಗಿ ರಕ್ಷಿತಾ ಒಂಟಿಕೊಪ್ಪಲಿಂದ ಸ್ಕೂಟರ್‌ನಲ್ಲಿ ಬರೋಳು. ಮೊದಲನೇ ದಿನಾನೇ ಆ ಚೆಂಡು ತೆಗೆದು ಕಿಟಕಿ ಮೇಲಿಟ್ಲು. ಚೆಂಡು ಹಿಂಡಿಸ್ತಾ ಕೂತ್ರೆ ಬೆರಳು ಮುಷ್ಟಿ ಕಟ್ಟಿ ಸೆಟ್ಕೊಳ್ತವೆ, ಬೇಡ ಅಂದ್ಲು. ಆಮೇಲೆ ಮಂಗಳಮ್ಮನ್ನ ಪಕ್ಕಕ್ಕೆ ಕೂರಿಸ್ಕೊಂಡು ಭುಜದ ವಿಷಯ ಹೇಳಿದ್ಲು. ತೋಳಿನ ಮೂಳೇನ ಗುಳೀಲಿ ಹಿಡಿದಿಡೋದು ಮಾಂಸಖಂಡ. ಆ ಖಂಡಗಳು ಈಗ ನಿದ್ದೆ ಹೋಗವೆ. ಇಂಥಾ ಹೊತ್ತಲ್ಲಿ ಕೈ ಎಳೆದ್ರೆ, ಕಂಕುಳಿಗೆ ಕೈ ಹಾಕಿ ಎತ್ತಿದ್ರೆ, ಭುಜ ಕೆಳಕ್ಕೆ ಜಾರ್ತದೆ. ಒಂದ್ಸಲ ನೋವು ಹತ್ಕೊಂಡ್ರೆ ಆ ಮನುಷ್ಯ ಕೈ ಮುಟ್ಟೋಕೂ ಬಿಡಲ್ಲ, ಕೈ ಬರೋದೂ ತಡ ಆಗ್ತದೆ, ಬರದೇನೂ ಹೋಗಬಹುದು.

ಮಂಗಳಮ್ಮಂಗೆ ಕಿವಿಗೆ ಬಿದ್ದಿದ್ದು ಆ ಕಡೇ ಮಾತು. ಬರದೇನೂ ಹೋಗಬಹುದು.

ಅವತ್ತಿಂದ ದಿಂಬಿನ ಕೆಲಸ ಶುರುವಾಯ್ತು. ಅಂಗಾತ ಮಲಗಿಸಿದ್ರೆ ಎಡಭುಜದ ಕೆಳಗೆ ದಿಂಬು, ಕೈ ಪೂರ್ತಿ ದಿಂಬಿನ ಮೇಲೆ. ಬಲಗಡೆ ಹೊರಳಿಸಿದ್ರೆ ಎಡಗೈ ಎದೆ ಮುಂದೆ ದಿಂಬಿನ ಮೇಲೆ, ಎಡಗಾಲು ಮಡಚಿ ಅದಕ್ಕೊಂದು ದಿಂಬು. ಎಡಗಡೇನೂ ಮಲಗಿಸಬಹುದು, ಭುಜ ಮೈಯಡಿಗೆ ಸಿಕ್ಕಾಕ್ಕೊಳ್ದಂಗೆ ಬೆನ್ನ ಹಿಂದಿಂದ ಅಂಗೈ ಕೊಟ್ಟು ಮುಂದಕ್ಕೆ ತಂದ್ಕೋಬೇಕು, ಕೈ ಹಿಡಿದು ಎಳೀಬಾರದು. ಎರಡು ಗಂಟೆಗೊಂದ್ಸಲ ಮಗ್ಗಲು ಬದಲಿಸಬೇಕು, ಇಲ್ದಿದ್ರೆ ಬೆನ್ನು ಹುಣ್ಣಾಗ್ತದೆ. ಮಂಗಳಮ್ಮ ಮದುವೇಲಿ ತವರೋರು ಕೊಟ್ಟಿದ್ದ ದಿಂಬು, ಸೋಫಾ ದಿಂಬು, ಎಲ್ಲ ತಂದು ಸುರಿದ್ಲು. ಕೈ ಎಳೀದೆ ಎಬ್ಬಿಸಿ ಗಾಲಿಕುರ್ಚಿಗೆ ಕೂರಿಸೋದನ್ನೂ ರಕ್ಷಿತಾ ಹತ್ರ ಕಲಿತ್ಲು.

ವಸ್ತಾದ್ರು ಬಂದು ನೋಡಿ ನಕ್ಕರು. ಗಂಡಸನ್ನ ಬಾಣಂತಿ ಮಾಡಿಟ್ಟವ್ಳೆ ಅಂದ್ರು. ದಿಂಬಿನ ಡಾಕ್ಟ್ರು ಅಂತ ಆ ಹುಡುಗಿಗೆ ಹೆಸರಿಟ್ರು. ಹೋಗೋವಾಗ ಬಾಗಿಲಲ್ಲಿ ನಿಂತು, ಬೀದಿಗೆಲ್ಲ ಕೇಳ್ಲಿ ಅಂತಲೇ, ಯಾರು ಬಿಟ್ರೂ ನಾನು ನನ್ನ ತಮ್ಮನ್ನ ಕೈ ಬುಡಲ್ಲ ಅಂದ್ರು. ಬಿಟ್ಟಿದ್ರೆ ಎಷ್ಟೋ ಉಪಕಾರ ಆಗೋದು.

ಒಂದು ಬೆಳಿಗ್ಗೆ ಮಂಗಳಮ್ಮ ಹಾಲು ತರೋಕೆ ಬೀದಿ ಕೊನೆಗೆ ಹೋಗಿದ್ದೇ ತಡ, ಈ ಪುಣ್ಯಾತ್ಮ ಒಳಗೆ ಬಂದ. ತಮ್ಮ ಮಲಗವ್ನೆ. ಗರಡೀಲಿ ಬಿದ್ದೋನನ್ನ ಎಬ್ಬಿಸೋದು ಎಂಗೆ? ಕೈ ಚಾಚಿ, ಅವನ ಕೈ ಹಿಡಿದು, ಒಂದು ಜಗ್ಗು. ಅದೇ ಮಾಡ್ದ. ಅದೂ ಎಡಗೈನೇ ಹಿಡಿದು, ಅದಕ್ಕೆ ಶಕ್ತಿ ಬರಲಿ ಅಂತ.

ನಿಂಗಯ್ಯ ಕೂಗಿದ್ದು ಹಾಲಿನ ಬೂತ್‌ಗೆ ಕೇಳಿಸ್ತು. ಮಂಗಳಮ್ಮ ಪ್ಯಾಕೆಟ್ ಅಲ್ಲೇ ಬಿಸಾಕಿ ಓಡಿಬಂದ್ಲು. ನೋಡಿದ್ರೆ ಗಂಡನ ಮುಖ ಬೂದಿ ಬಣ್ಣ, ಬಾವ ಇನ್ನೂ ಆ ಕೈ ಹಿಡ್ಕೊಂಡೇ ನಿಂತವ್ರೆ. ಕೀಲು ತಪ್ಪೈತೆ ಕಣಮ್ಮ, ಗಾಬರಿ ಬೀಳಬೇಡ, ಕಂಕುಳಿಗೆ ಕಾಲು ಕೊಟ್ಟು ಇನ್ನೊಂದೇ ಎಳೆತ ಎಳೆದ್ರೆ ಟಕ್ ಅಂತ ಕೂತ್ಕೊಳ್ತದೆ ಅಂದ್ರು. ತಪ್ಪಿಸಿದ್ದೂ ಇವರೇ, ಕೂರಿಸೋದೂ ಇವರೇ.

"ಬಾವ, ಕೈ ಬುಡಿ" ಅಂದ್ಲು ಮಂಗಳಮ್ಮ.

ಅವಳು ಹೇಳಿದ್ದು ಹಿಡಿದಿರೋ ಕೈ ಬಿಡಿ ಅಂತ. ಅವರಿಗೆ ಕೇಳಿಸಿದ್ದು ಬೇರೆ. ಮೀಸೆ ಅದುರ್ತು.

"ಒಡಹುಟ್ಟಿದೋನ್ನ ಕೈ ಬುಡು ಅಂತ ನಂಗೇ ಹೇಳ್ತೀಯಾ? ಇವತ್ತು ಬಂದೋಳು ನೀನು."

ಇವತ್ತು ಬಂದೋಳಂತೆ. ಮೊಮ್ಮಗು ಕಂಡೋಳು ಅವಳು. ಆದ್ರೂ ಜಗಳಕ್ಕೆ ನಿಲ್ಲಲಿಲ್ಲ, ಮಧ್ಯೆ ತೂರಿ ಮಂಚದ ಮೇಲೇ ಕೂತ್ಬುಟ್ಲು. ಎಳೀಬೇಕಾದ್ರೆ ತಮ್ಮನ ಹೆಂಡ್ತೀನ ಮುಟ್ಟಬೇಕು. ವಸ್ತಾದ್ರಿಗೆ ಆ ಪಟ್ಟು ಗೊತ್ತಿರಲಿಲ್ಲ, ಕೈ ತಾನಾಗೇ ಸಡಿಲ ಆಯ್ತು. ಅವಳು ಫೋನ್ ಮಾಡಿದ್ಲು. ಯಾರೂ ಎಳೀಬೇಡಿ, ತೋಳು ದಿಂಬಿನ ಮೇಲಿಡಿ, ಬಂದೆ ಅಂದ್ಲು ರಕ್ಷಿತಾ.

ಬಂದು ಬೆರಳಿಟ್ಟು ನೋಡಿದ್ಲು. ಭುಜದ ತುದಿ ಮೂಳೆಗೂ ತೋಳಿಗೂ ಮಧ್ಯೆ ಬೆರಳು ಹೋಗೋವಷ್ಟು ಸಂದು. ಇದು ಏಟು ಬಿದ್ದು ತಪ್ಪಿದ ಕೀಲಲ್ಲ, ಹಿಡ್ಕೊಳ್ಳೋರಿಲ್ದೆ ಜಾರಿರೋ ಕೀಲು. ಎಳೆದು ಕೂರಿಸೋಕಾಗಲ್ಲ, ಎಳೆದಷ್ಟೂ ಜಾರ್ತದೆ, ಒಳಗಿನ ನರಾನೂ ಹರೀಬಹುದು, ಇವತ್ತೇ ಡಾಕ್ಟ್ರಿಗೆ ತೋರಿಸಿ ಎಕ್ಸ್‌ರೇ ತೆಗೆಸಿ ಅಂತ ನಿಧಾನಕ್ಕೆ ಹೇಳಿದ್ಲು. ವಸ್ತಾದ್ರು ಗೋಡೆ ನೋಡ್ತಾ ಕೇಳಿಸ್ಕೊಂಡ್ರು. ಆಮೇಲೆ ಶುರು ಮಾಡಿದ್ರು. ಎಂಬತ್ತು ಕೇಜಿ ಆಳು ಇವನು. ರೆಟ್ಟೆ ಹಿಡೀದೆ ಇನ್ನೇನು ಮಂತ್ರ ಹಾಕಿ ಎಬ್ಬಿಸ್ತೀರಾ? ಏಳೋದು ಅಂದ್ರೆ ತೋಳಿನ ಬಲ, ತೊಡೆ ಬಲ. ನಿಮ್ಮ ಪುಸ್ತಕದಲ್ಲಿ ಏನಾದ್ರೂ ಬರೆದಿರಲಿ.

ರಕ್ಷಿತಾ ಬಾಯಿ ತೆಗೆಯೋ ಮುಂಚೆ ಮಂಗಳಮ್ಮ ಪ್ಲಾಸ್ಟಿಕ್ ಕುರ್ಚಿ ಎಳೆದು ಮುಂದೆ ಇಟ್ಲು.

"ಕೂತ್ಕೊಳ್ಳಿ ಬಾವ. ಬೆನ್ನು ಒರಗಿಸಿ. ಕೈ ಎದೆ ಮೇಲೆ ಕಟ್ಕೊಳ್ಳಿ."

ಏನೋ ಮರ್ಯಾದೆ ಮಾಡ್ತಾವ್ಳೆ ಅಂದ್ಕೊಂಡು ಕೂತ್ರು. ಇಷ್ಟು ವರ್ಷ ಎದುರಿಗೆ ತಲೆ ಎತ್ತದಿದ್ದ ಹೆಂಗಸು, ಸೆರಗು ಸೊಂಟಕ್ಕೆ ಸಿಕ್ಕಿಸಿ, ತನ್ನ ಹೆಬ್ಬೆಟ್ಟು ತಗೊಂಡು ಬಾವನ ಹಣೆ ಮಧ್ಯಕ್ಕೆ ಒತ್ತಿಟ್ಲು.

"ಈಗ ಏಳಿ."

ವಸ್ತಾದ್ರು ಎದ್ರು. ಅಂದ್ರೆ ಎದ್ದೆ ಅಂದ್ಕೊಂಡ್ರು. ತೊಡೆ ಬಿಗೀತು, ಮುಖ ಕೆಂಪಾಯ್ತು, ಕುರ್ಚಿ ಕಿರುಗುಟ್ತು, ಅಂಡು ಮಾತ್ರ ಅಲ್ಲಾಡ್ಲಿಲ್ಲ. ಊರಿನ ಪೈಲ್ವಾನ್ರನ್ನೆಲ್ಲ ಚಿತ್ ಮಾಡಿದೆ ಅಂತ ಕೊಚ್ಕೊಳ್ತಿದ್ದ ಭೂಪ, ತಮ್ಮನ ಹೆಂಡ್ತಿ ಹೆಬ್ಬೆಟ್ಟಿನ ಕೆಳಗೆ ಹಪ್ಪಳದ ಹಿಟ್ಟಿನಂಗೆ ಕೂತವ್ರೆ.

"ತಲೆ ಮುಂದಕ್ಕೆ ಬರದೆ ಯಾವೋನೂ ಏಳಲ್ಲ ಬಾವ" ಅಂದ್ಲು ಅವಳು. "ಮೂಗು ಕಾಲ್ಬೆರಳು ದಾಟಬೇಕು, ಆಗ ಅಂಡು ತಾನೇ ಎದ್ದು ಬರ್ತದೆ. ಕೈ ಜಗ್ಗಿದ್ರೆ ಬರೋದು ಕೈ, ಆಳಲ್ಲ."

ಹೆಬ್ಬೆಟ್ಟು ತೆಗೆದ್ಲು. ವಸ್ತಾದ್ರು ಮುಂದಕ್ಕೆ ಮುಗ್ಗರಿಸಿ ಎದ್ರು. ಇದೆಲ್ಲ ಮೋಸದ ಪಟ್ಟು ಅಂತ ಗೊಣಗ್ತಾ, ಮಾನ ಉಳಿಸ್ಕೊಳ್ಳೋಕೆ ಮಂಚದ ಕಡೆ ಹೋಗಿ ಮತ್ತೆ ಆ ತೋಳಿಗೇ ಕೈ ಹಾಕಿದ್ರು. ಆಗ ಮಂಚದ ಮೇಲಿಂದ, ಸೊಟ್ಟ ಬಾಯಲ್ಲಿ, ಒಂದೊಂದೇ ಅಕ್ಷರ ಹೊರಳಿಸಿ ನಿಂಗಯ್ಯ ಹೇಳ್ದ.

"ಅಣ್ಣ. ಕೈ ಬುಡು."

ಜೀವಮಾನವೆಲ್ಲ ಅಣ್ಣಂಗೆ ಬರೀ ಊಂ ಅಂದಿದ್ದೋನು. ಇದಕ್ಕೆ ಎರಡು ಅರ್ಥ ಮಾಡ್ಕೊಳ್ಳೋಕೆ ವಸ್ತಾದ್ರಿಗೂ ಆಗ್ಲಿಲ್ಲ. ಬಿಟ್ರು. ತಮ್ಮ ಅಷ್ಟಕ್ಕೇ ನಿಲ್ಲಿಸ್ಲಿಲ್ಲ, ಬಾತ್‌ರೂಮಿಗೆ ಹೋಗ್ಬೇಕು ಅಂದ.

ರಕ್ಷಿತಾ ಪಕ್ಕದಲ್ಲಿ ನಿಂತ್ಲು, ಕೈ ಹಾಕ್ಲಿಲ್ಲ. ಮಂಗಳಮ್ಮ ಗಾಲಿಕುರ್ಚೀನ ಗಂಡನ ಬಲಗಡೆಗೆ, ಮಂಚಕ್ಕೆ ಓರೆಯಾಗಿ ಒತ್ತಿಟ್ಟು ಬ್ರೇಕ್ ಹಾಕಿ, ಕಾಲಿಡೋ ಪಟ್ಟಿ ಮೇಲೆತ್ತಿದ್ಲು. ಅವನನ್ನ ಬಲಮಗ್ಗಲಿಗೆ ಹೊರಳಿಸಿ, ಕಾಲು ಮಂಚದಿಂದ ಇಳಿಬಿಟ್ಟು, ಭುಜದ ಹಿಂದೊಂದು ಸೊಂಟದ ಮೇಲೊಂದು ಕೈ ಕೊಟ್ಟು ಕೂರಿಸಿದ್ಲು. ಎಡಗೈ ತೊಡೆ ಮೇಲೆ. ಎರಡು ಪಾದಾನೂ ನೆಲಕ್ಕೆ ಪೂರ್ತಿ ಊರಿದಾವಾ ಅಂತ ನೋಡಿದ್ಲು. ಸೊಂಟಕ್ಕೆ ಅಗಲದ ಪಟ್ಟಿ ಬಿಗಿದು ಎರಡೂ ಕಡೆ ಹಿಡ್ಕೊಂಡು, ಅವನ ಎಡಮಂಡಿ ಕುಸೀದಂಗೆ ತನ್ನ ಮಂಡಿ ಒತ್ತು ಕೊಟ್ಲು. ಮೂಗು ಮುಂದಕ್ಕೆ, ಇನ್ನೂ ಮುಂದಕ್ಕೆ, ನನ್ನ ಭುಜದ ಮೇಲಿಂದ ಬಾಗಿಲು ನೋಡು ಅಂದ್ಲು. ಎಂಬತ್ತು ಕೇಜಿ ನಿಂಗಯ್ಯ ನಡುಗ್ತಾ ಎದ್ದು ನಿಂತ. ಬಲಗಡೆಗೆ ಪುಟ್ಟ ಪುಟ್ಟದಾಗಿ ತಿರುಗಿ, ಬಲಗೈಲಿ ಕುರ್ಚಿ ಹಿಡಿ ಹಿಡ್ಕೊಂಡು, ಮೆಲ್ಲಗೆ ಕೂತ. ಎಡಗೈನ ಯಾರೂ ಮುಟ್ಟಲಿಲ್ಲ.

ವಸ್ತಾದ್ರು ಚಪ್ಪಲಿ ಹುಡುಕ್ತಿದ್ರು.

ಅವತ್ತೇ ಎಕ್ಸ್‌ರೇ ಆಯ್ತು. ಮೂಳೆ ಮುರಿದಿರಲಿಲ್ಲ, ಸಂದು ಮಾತ್ರ ಇತ್ತು. ನೋವು ಇಳಿಯೋಕೆ ವಾರಗಟ್ಟಲೆ ಹಿಡೀತು. ವಸ್ತಾದ್ರ ಒಂದು ಜಗ್ಗಿಗೆ ಬಡ್ಡಿ ಕಟ್ಟಿದ್ದು ಮಂಗಳಮ್ಮ, ಹಗಲೂ ರಾತ್ರಿ ದಿಂಬು ಸರಿಮಾಡ್ತಾ. ಭುಜ ಪೂರ್ತಿ ಸರಿಹೋಗ್ತದೆ ಅಂತ ರಕ್ಷಿತಾ ಭಾಷೆ ಕೊಡಲಿಲ್ಲ. ಆದ್ರೆ ಒಂದು ದಿನ ದಿಂಬಿನ ಮೇಲಿದ್ದ ಆ ಎಡಗೈ ಹೆಬ್ಬೆರಳು ಒಂಚೂರು ಅಲುಗಾಡ್ತು. ಮಂಗಳಮ್ಮ ಯಾರಿಗೂ ಹೇಳ್ಲಿಲ್ಲ. ಹೇಳಿದ್ರೆ ಬೀದಿಯೆಲ್ಲ ಬಂದು ಹಿಂಡು ಅಂತಾರೆ.

ವಸ್ತಾದ್ರು ಸ್ವಲ್ಪ ದಿನ ಮುನಿಸ್ಕೊಂಡಿದ್ದು, ಆಮೇಲೆ ಏನೂ ಆಗೇ ಇಲ್ಲ ಅನ್ನೋ ಹಂಗೆ ಬಂದ್ರು. ಈಗ ಜಗಲಿ ಮೇಲೆ ಕುರ್ಚಿ ಹಾಕ್ಕೊಂಡು ಕೂತು, ನೋಡೋಕೆ ಬಂದೋರನ್ನೆಲ್ಲ ತಡೆದು ಉಪದೇಶ ಮಾಡ್ತಾರೆ. ಮೊನ್ನೆ ಕಡಕೊಳದಿಂದ ಬಂದಿದ್ದ ಸಂಬಂಧಿಕನಿಗೆ, ಎಡಗೈ ಮಾತ್ರ ಮುಟ್ಟಬೇಡ ಕಣಪ್ಪ, ಭುಜಕ್ಕೆ ಅಪಾಯ, ನಮ್ಮ ಗರಡೀಲಿ ತಾತನ ಕಾಲದಿಂದ ಇದೇ ಪದ್ಧತಿ, ಆ ಡಾಕ್ಟ್ರು ಹುಡುಗಿಗೂ ನಾನೇ ಹೇಳ್ಕೊಟ್ಟೆ ಅಂತಿದ್ರು.

ಒಳಗೆ ಮಂಗಳಮ್ಮಂಗೆ ಕೇಳಿಸ್ತು. ಬಾಗಿಲಿಗೆ ಹೋಗಿ ಎರಡು ಮಾತು ಉಗಿಯೋಣ ಅನ್ನಿಸ್ತು. ಆದ್ರೆ ಗಂಡನ ಮಗ್ಗಲು ಬದಲಿಸೋ ಹೊತ್ತಾಗಿತ್ತು. ಸುಳ್ಳಾದ್ರೂ ಹೇಳ್ಕೊಳ್ಲಿ, ಬಂದೋರನ್ನ ಆಚೆಗೇ ನಿಲ್ಲಿಸ್ತಾವ್ರಲ್ಲ ಅಂದ್ಕೊಂಡು, ಬಾಗಿಲು ಮುಂದೆ ಮಾಡಿ ದಿಂಬು ಕೈಗೆ ತಗೊಂಡ್ಲು.